ಮೊದಲ ಆಂಜಿಯೋ ನಾರ್ಮಲ್ ಬಂದರೂ ಆರ್‌ಸಿವಿಎಸ್ ಹಿಡಿದ ಬಗೆ

"ಆಂಜಿಯೋ ನಾರ್ಮಲ್ ಬಂದಿದೆಯಲ್ಲ, ಇನ್ನೇನು ಹುಡುಕ್ತೀರಿ? ಮೈಗ್ರೇನ್ ಅಂತ ಬರೆದು ಕಳಿಸಿ" ಅಂದ ವೈದ್ಯರೇ ಈಗ ಎರಡನೇ ಆಂಜಿಯೋಗೆ ತಾವಾಗಿ ಚೀಟಿ ಬರೆಯುತ್ತಾರೆ.

ಆರ್‌ಸಿವಿಎಸ್ ಅಂದರೆ ಮೆದುಳಿನ ರಕ್ತನಾಳಗಳು ತಾತ್ಕಾಲಿಕವಾಗಿ ಸೆಟೆದು, ಸಿಡಿಲು ಬಡಿದಂಥ ತಲೆನೋವು ತರುವ ಕಾಯಿಲೆ. ರೋಗಿ ನಲವತ್ತರ ಆಸುಪಾಸಿನ ಹೆಂಗಸು. ಮೊದಲ ತಲೆನೋವು ಕಕ್ಕಸಿನಲ್ಲಿ ತಿಣುಕುವಾಗ ಬಂತು. ನಿಮಿಷದೊಳಗೆ ತುತ್ತತುದಿ ಮುಟ್ಟಿ, ಎರಡು ಮೂರು ಗಂಟೆಯಲ್ಲಿ ಇಳಿಯಿತು. ಸಿಟಿಯಲ್ಲಿ ರಕ್ತವಿಲ್ಲ, ಬೆನ್ನಿನ ನೀರೂ ತಿಳಿ. ಹೊರಗೆಲ್ಲೋ ಸುಮಾಟ್ರಿಪ್ಟಾನ್ ಕೊಟ್ಟು ಕಳಿಸಿದ್ದರು. ಸೆಟೆದ ನಾಳವನ್ನು ಇನ್ನಷ್ಟು ಸೆಟೆಸುವ ಮಾತ್ರೆ ಅದು. ಎರಡು ದಿನ ಬಿಟ್ಟು ಬಿಸಿನೀರಿನ ಸ್ನಾನದಲ್ಲಿ ಮತ್ತೆ ಬಡಿಯಿತು, ಆಮೇಲೆ ಮೆಟ್ಟಿಲು ಹತ್ತುವಾಗ.

ಒಂದೇ ಸಲ ಬಡಿದಿದ್ದರೆ ಮೊದಲು ಅನ್ಯೂರಿಸಂ ಎಂಬ ನಾಳದ ಉಬ್ಬು ಒಡೆದಿಲ್ಲವೆಂದು ಖಚಿತ ಮಾಡಿಕೊಳ್ಳಲೇಬೇಕು. ಅದನ್ನು ತಳ್ಳಿಹಾಕಿದ ಮೇಲೂ ವಾರದೊಳಗೆ ಮೂರು ನಾಲ್ಕು ಸಲ, ಅದೂ ತಿಣುಕು, ಸ್ನಾನ, ಶ್ರಮ, ಸಂಭೋಗಕ್ಕೆ ಅಂಟಿಕೊಂಡು ಬಂದರೆ ನನಗೆ ಆರ್‌ಸಿವಿಎಸ್ ಬಿಟ್ಟು ಬೇರೆ ಹೆಸರು ಹೊಳೆಯುವುದಿಲ್ಲ. ಕೊನೆಯದನ್ನು ನಮ್ಮ ಕಡೆಯ ರೋಗಿಗಳ ಬಾಯಿಂದ ಹೊರಡಿಸುವ ಉಪಾಯ ನನ್ನ ಬಳಿಯೇ ಇರಲಿ. ಔಷಧಿ ಕೇಳಿದರೆ "ಏನೂ ಇಲ್ಲ ಡಾಕ್ಟ್ರೇ" ಅನ್ನುತ್ತಾರೆ. ಶೀತದ ಮಾತ್ರೆ ಅವರ ಲೆಕ್ಕದಲ್ಲಿ ಔಷಧಿಯಲ್ಲ. ಬ್ಯಾಗಿನಿಂದ ತೆಗೆಸಿದ ಸ್ಟ್ರಿಪ್ಪಿನ ಹಿಂಬದಿಯಲ್ಲಿ, ಅದೂ ನಾಳ ಸೆಟೆಸುವ ಫಿನೈಲೆಫ್ರಿನ್ ಇತ್ತು. ಬಾಣಂತಿಯಾದರೆ ನಾಳ ಸೆಟೆಸಬಲ್ಲ ಮೀಥೈಲ್‌ಎರ್ಗೊಮೆಟ್ರಿನ್, ಬ್ರೊಮೊಕ್ರಿಪ್ಟಿನ್ ಕೊಟ್ಟಿದ್ದರೋ ಎಂದು ಹೆರಿಗೆಯ ಕೇಸ್‌ಶೀಟನ್ನೇ ನೋಡಿ.

ಆರನೇ ದಿನದ ಸಿಟಿ ಆಂಜಿಯೋ ಕೈಕೊಟ್ಟಿತು. ಏಳೆಂಟು ಸಾವಿರ ಹೋಯಿತೆಂದು ಮನೆಯವರಿಗೆ ಸಿಟ್ಟು. ಸೆಟೆತ ಶುರುವಾಗುವುದು ತುದಿಯ ಸಣ್ಣ ನಾಳಗಳಲ್ಲಿ, ಆಂಜಿಯೋ ಅಷ್ಟು ಸಣ್ಣದನ್ನು ಕಾಣದು. ಅಲ್ಲಿಂದ ಒಳಗಿನ ದೊಡ್ಡ ನಾಳಗಳಿಗೆ ಬರಲು ಎರಡು ವಾರದಷ್ಟು ಹಿಡಿಯಬಹುದು. ಆದರೆ ಎಂಆರ್‌ಐನ ಫ್ಲೇರ್ ಎಂಬ ಚಿತ್ರದಲ್ಲಿ ಮೆದುಳಿನ ಮೇಲ್ಮೈಯ ಒಂದು ಮಡಿಕೆಯಲ್ಲಿ ತೆಳು ಗೆರೆಯಷ್ಟು ರಕ್ತ ಕಂಡಿತು. ಈ ಕಾಯಿಲೆ ಗುರುತಿಸುವ ಆರ್‌ಸಿವಿಎಸ್2 ಅಂಕ ಹಾಕಿದರೆ ಮರುಕಳಿಸಿದ ನೋವಿಗೆ 5, ಪ್ರಚೋದಕ ಔಷಧಿಗೆ 3, ಹೆಣ್ಣಿಗೆ 1, ರಕ್ತಕ್ಕೆ 1, ಒಟ್ಟು 10. ಐದು ಮುಟ್ಟಿದರೆ ಸಾಕು.

ನಡುವೆ ಹಾಸಿಗೆಯ ಪಕ್ಕದಲ್ಲೇ, ನಾಳದಲ್ಲಿ ರಕ್ತದ ವೇಗ ಅಳೆಯುವ ಡಾಪ್ಲರ್ ಹಚ್ಚಿ ನೋಡುತ್ತಾ ಬಂದೆವು. ಮೊದಲ ವಾರ ಅದೂ ಸುಮ್ಮನಿತ್ತು, ಎರಡನೇ ವಾರ ವೇಗ ಏರಿತು. ಆಗ ಮಾಡಿಸಿದ ಆಂಜಿಯೋದಲ್ಲಿ ನಡು ಮತ್ತು ಮುಂದಿನ ಮೆದುಳು ಧಮನಿಗಳು ಮಣಿಸರದ ಹಾಗೆ.

ಶೀತದ ಮಾತ್ರೆ, ಟ್ರಿಪ್ಟಾನ್ ಎರಡನ್ನೂ ನಿಲ್ಲಿಸಿ, ಮಲ ಸಡಿಲಿಸಲು ಸಿರಪ್ ಕೊಟ್ಟು, ಬಿಪಿ ನೋಡಿಕೊಂಡು ನಾಳ ಸಡಿಲಿಸುವ ನಿಮೋಡಿಪಿನ್ ಶುರುಮಾಡಿದೆವು. ಅದು ನೋವಿಗೆ ಒದಗೀತು, ಪಾರ್ಶ್ವವಾಯು ತಡೆಯುತ್ತದೆಂಬ ಭರವಸೆ ಬೇಡ. ನಾಳದ ಉರಿಯೂತವಾದ ವ್ಯಾಸ್ಕುಲೈಟಿಸ್ ಇರಬಹುದೆಂದು ಸ್ಟಿರಾಯ್ಡ್ ಹಾಕಲು ಕೈ ತುರಿಸುತ್ತದೆ. ಹಾಕಬೇಡಿ, ಆರ್‌ಸಿವಿಎಸ್‌ನಲ್ಲಿ ಅದು ಕೆಡುಕನ್ನೇ ಮಾಡೀತು. ವ್ಯಾಸ್ಕುಲೈಟಿಸ್‌ನ ನೋವು ಮೆಲ್ಲಗೆ ಬೆಳೆಯುತ್ತದೆ, ಬೆನ್ನಿನ ನೀರೂ ಸಾಮಾನ್ಯವಾಗಿ ಕೆಟ್ಟಿರುತ್ತದೆ.

ಮೂರು ತಿಂಗಳಿಗೆ ನಾಳಗಳು ತೆರೆದುಕೊಂಡಿದ್ದನ್ನು ನೋಡಲು ಡೈ ಇಲ್ಲದ ಎಂಆರ್ ಆಂಜಿಯೋ ಸಾಕಾಯಿತು.