ಕ್ಲೇಮ್ ಪಾಸಾಗಿತ್ತು, ದುಡ್ಡು ಬಂದಿರಲಿಲ್ಲ

ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಸಣ್ಣ ಊರು. ಮಾವಿನ ಫಸಲು ವರ್ಷಕ್ಕೊಂದು ಸಲ, ಹಾಲು ದಿನಕ್ಕೆರಡು ಸಲ. ಹಾಗಾಗಿ ಮನೆ ನಡೆಯುವುದು ಡೇರಿಯ ಹಾಲಿನ ಬಟವಾಡೆಯಿಂದಲೇ. 2024ರ ನವೆಂಬರ್ 4ರಂದು ಹೊಟ್ಟೆ ಉಬ್ಬರಿಸಿ ನಮ್ಮ ಎರಡನೇ ಸೂಲಿನ ಸೀಮೆಹಸು ಸತ್ತಿತು. ಹಸುವೂ ವಿಮೆಯೂ ಅಮ್ಮನ ಹೆಸರಲ್ಲಿದ್ದವು, ವಿಮಾ ಮೊತ್ತ 60,000 ರೂಪಾಯಿ. ಹಸುವಿನ ಗುರುತಿನ ಸಂಖ್ಯೆಯಿರುವ ಕಿವಿಯೋಲೆ ಕಾಣುವಂತೆ ಫೋಟೋ ತೆಗೆದೆವು, ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಟ್ಟರು, ಕಿವಿಯೋಲೆಯನ್ನೂ ಕಾಗದಗಳ ಜೊತೆ ಒಪ್ಪಿಸಿದೆವು. ಅಲ್ಲಿಯವರೆಗೆ ಎಲ್ಲವೂ ಸಲೀಸು. ಡಿಸೆಂಬರ್ 11ಕ್ಕೆ ಕ್ಲೇಮ್ ಅಪ್ರೂವ್ ಆಗಿದೆ ಎಂದು ಮೆಸೇಜ್ ಬಂತು. 13ಕ್ಕೆ ವಿಮಾ ಕಂಪನಿಯ ಕೋಲಾರದ ಶಾಖೆಗೆ ಹೋಗಿ ಅಮ್ಮ, ಇಷ್ಟು ಮೊತ್ತಕ್ಕೆ ಒಪ್ಪಿಗೆಯಿದೆ ಎಂದು ಬರೆದುಕೊಡುವ ಡಿಸ್ಚಾರ್ಜ್ ವೋಚರ್‌ಗೆ ಸಹಿ ಹಾಕಿ ಬಂದರು.

ಆಮೇಲೆ ಏನೂ ಇಲ್ಲ. ಮೂರು ದಿನಕ್ಕೊಮ್ಮೆ ನಾನು ಫೋನ್ ಮಾಡುತ್ತಿದ್ದೆ. ಒಬ್ಬರು "ಪ್ರೋಸೆಸ್‌ನಲ್ಲಿದೆ ಸಾರ್" ಎಂದರು, ಇನ್ನೊಬ್ಬರು "ಅಪ್ರೂವ್ ಆಗಿದೆಯಲ್ಲ, ಬರುತ್ತೆ" ಎಂದರು. ಪ್ರತಿ ಸಲ ಬೇರೆ ದನಿ, ಪ್ರತಿ ಸಲ ಮೊದಲಿಂದ ಕಥೆ. ಡೇರಿಯಿಂದ ಕ್ಯಾನು ತೊಳೆದುಕೊಂಡು ಬಂದಾಗಲೆಲ್ಲ ಅಮ್ಮ, "ಏನಪ್ಪಾ, ಬಂತೇನೋ?" ಎಂದು ಕೇಳುತ್ತಿದ್ದರು. ಹೀಗೆ ಇಪ್ಪತ್ತು ದಿನ ಕಳೆದ ಮೇಲೆ ಕಾಗದ ಬರೆಯಲು ಕೂತೆ.

ಮೊದಲು ಬರೆದದ್ದನ್ನು ಹೇಳಿದರೆ ನಗುತ್ತೀರಿ. ಎರಡು ಪುಟ. ಹಸು ದಿನಕ್ಕೆ ಎಷ್ಟು ಲೀಟರ್ ಕೊಡುತ್ತಿತ್ತು, ಆ ರಾತ್ರಿ ಡಾಕ್ಟರನ್ನು ಕರೆತರಲು ಎಷ್ಟು ಪಾಡುಪಟ್ಟೆವು, ಅಮ್ಮ ಎರಡು ದಿನ ಊಟ ಬಿಟ್ಟದ್ದು, ಎಲ್ಲ ಇತ್ತು. ಓದಿ ನೋಡಿದೆ, ನನಗೇ ನಾಚಿಕೆಯಾಯಿತು. ಕ್ಲೇಮ್ ಒಪ್ಪಿಯಾಗಿದೆ. ಹಸು ಹೇಗೆ ಸತ್ತಿತೆಂದು ಮತ್ತೆ ಬರೆದರೆ ಮುಗಿದ ಫೈಲನ್ನು ನಾನೇ ತೆರೆದಂತೆ. ಹೊಸದಾಗಿ ಒಂದು ಸಾಲು ಸೇರಿಸಿದರೂ "ಇದು ಮೊದಲ ಹೇಳಿಕೆಯಲ್ಲಿ ಇಲ್ಲವಲ್ಲ" ಎಂದು ಯಾರಾದರೂ ತಡೆಹಿಡಿಯಬಹುದು. ನನಗೆ ಬೇಕಾಗಿದ್ದದ್ದು ಒಂದೇ, ತಾರೀಖು. ಹರಿದು ಹಾಕಿ, ಅರ್ಧ ಪುಟಕ್ಕೆ ಇಳಿಸಿದೆ. 2025ರ ಜನವರಿ 6ರಂದು ಅಮ್ಮನ ಸಹಿ ಹಾಕಿಸಿ ಕೊಟ್ಟ ಕಾಗದ ಇದು. ಮೇಲುಗಡೆ ಪಾಲಿಸಿ ಸಂಖ್ಯೆ, ಕ್ಲೇಮ್ ಸಂಖ್ಯೆ, ಕಿವಿಯೋಲೆಯ 12 ಅಂಕಿ ಮೂರನ್ನೂ ಒಂದರ ಕೆಳಗೊಂದು ಬರೆದಿದ್ದೆ.

"ವಿಷಯ: ಅಂಗೀಕೃತ ಕ್ಲೇಮಿನ ಹಣ ಪಾವತಿಯ ದಿನಾಂಕ ತಿಳಿಸುವ ಬಗ್ಗೆ.

ಮಾನ್ಯರೇ, ಮೇಲ್ಕಂಡ ಕ್ಲೇಮನ್ನು ರೂ. 60,000ಕ್ಕೆ ಅಂಗೀಕರಿಸಿರುವುದಾಗಿ ತಾವು 11-12-2024ರಂದು ತಿಳಿಸಿದ್ದೀರಿ. 13-12-2024ರಂದು ನಾನು ಡಿಸ್ಚಾರ್ಜ್ ವೋಚರ್‌ಗೆ ಸಹಿ ಹಾಕಿ ತಮ್ಮ ಕೋಲಾರ ಶಾಖೆಗೆ ಕೊಟ್ಟಿದ್ದೇನೆ. ಇಂದಿಗೆ 24 ದಿನಗಳಾದರೂ ಹಣ ನನ್ನ ಖಾತೆಗೆ ಜಮೆಯಾಗಿಲ್ಲ.

ದಯವಿಟ್ಟು ಈ ಕೆಳಗಿನವನ್ನು ಬರಹದಲ್ಲಿ ತಿಳಿಸಿ. ಹಣವನ್ನು ಈಗಾಗಲೇ ಕಳಿಸಿದ್ದರೆ, ಕಳಿಸಿದ ದಿನಾಂಕ, ಯುಟಿಆರ್ ಸಂಖ್ಯೆ ಮತ್ತು ಯಾವ ಖಾತೆ, ಯಾವ ಐಎಫ್‌ಎಸ್‌ಸಿಗೆ ಕಳಿಸಿದ್ದೀರಿ ಎಂಬುದು. ಕಳಿಸಿದ ಹಣ ಹಿಂದಿರುಗಿದ್ದರೆ, ಹಿಂದಿರುಗಿದ ದಿನಾಂಕ ಮತ್ತು ಕಾರಣ. ಇನ್ನೂ ಕಳಿಸಿಲ್ಲವಾದರೆ, ಕಳಿಸುವ ದಿನಾಂಕ ಮತ್ತು ನನ್ನಿಂದ ಬಾಕಿ ಇರುವ ಕಾಗದ ಯಾವುದಾದರೂ ಇದ್ದರೆ ಅದರ ಹೆಸರು.

ಈ ಪತ್ರ ತಲುಪಿದ ಏಳು ದಿನಗಳೊಳಗೆ ಉತ್ತರ ಕೋರುತ್ತೇನೆ."

ಇಷ್ಟೇ. ಲಗತ್ತು ಎರಡು: ಅಪ್ರೂವ್ ಆದ ಮೆಸೇಜಿನ ಪ್ರಿಂಟ್, ಸಹಿ ಹಾಕಿದ ವೋಚರಿನ ಜೆರಾಕ್ಸ್. ಆ ಜೆರಾಕ್ಸ್ ತೆಗೆಸಿಟ್ಟದ್ದು ಪುಣ್ಯ. ವೋಚರ್ ಕೊಟ್ಟ ದಿನ ಗೊತ್ತಿಲ್ಲದಿದ್ದರೆ "24 ದಿನ" ಎಂದು ಬರೆಯಲು ಧೈರ್ಯ ಬರುತ್ತಿರಲಿಲ್ಲ.

"ದುಡ್ಡು ಯಾವಾಗ ಬರುತ್ತದೆ" ಎಂದಷ್ಟೇ ಕೇಳಿದ್ದರೆ "ಶೀಘ್ರದಲ್ಲೇ" ಎನ್ನುವ ಉತ್ತರ ಬರುತ್ತಿತ್ತು, ಅದಕ್ಕೆ ಅರ್ಥವಿಲ್ಲ. ಪಾಸಾದ ಹಣ ಬಾರದಿರುವುದಕ್ಕೆ ನಾನು ಕಂಡಂತೆ ಮೂರೇ ದಾರಿ: ಹೋಗಿದೆ, ಹೋಗಿ ವಾಪಸ್ ಬಂದಿದೆ, ಹೋಗೇ ಇಲ್ಲ. ಮೂರಕ್ಕೂ ಬೇರೆಬೇರೆ ಪ್ರಶ್ನೆ ಕೇಳಿದರೆ, ಉತ್ತರ ಬರೆಯುವವರು ಫೈಲ್ ತೆಗೆದು ನೋಡಲೇಬೇಕು. ಯುಟಿಆರ್ ಎಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ಹೋದ ಹಣದ ಗುರುತಿನ ಸಂಖ್ಯೆ. ಅದು ಕೈಗೆ ಸಿಕ್ಕರೆ ನಮ್ಮ ಬ್ಯಾಂಕಿನಲ್ಲೇ ವಿಚಾರಿಸಬಹುದು. ಸಿಗದಿದ್ದರೆ, ಹಣ ಕಳಿಸಿದ್ದೇವೆ ಎನ್ನುವ ಮಾತನ್ನು ನಂಬಬೇಕಾಗಿಲ್ಲ.

ಕಾಗದದ ಎರಡು ಪ್ರತಿ ಮಾಡಿಸಿ ಕೋಲಾರಕ್ಕೆ ಬಸ್ ಹತ್ತಿದೆ. ಶಾಖೆಯಲ್ಲಿ ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ಮೊಹರು, ತಾರೀಖು, ಸಹಿ ಕೇಳಿದೆ. ಮೇಜಿನ ಹಿಂದಿದ್ದವರು "ಇಟ್ಟು ಹೋಗಿ ಸಾರ್, ನೋಡ್ತೀವಿ" ಎಂದರು. "ಮೊಹರು ಹಾಕಿಸ್ಕೊಂಡು ಬಾ ಅಂತ ಅಮ್ಮ ಹೇಳಿದಾರೆ ಸಾರ್" ಅಂದೆ. ಅಮ್ಮನ ಹೆಸರು ಹೇಳಿದರೆ ಯಾರೂ ಜಗಳ ತೆಗೆಯುವುದಿಲ್ಲ. ಹಾಕಿಕೊಟ್ಟರು. ಅದೇ ಕಾಗದವನ್ನು ಬೆಂಗಳೂರಿನ ಕ್ಲೇಮ್ ವಿಭಾಗಕ್ಕೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ, ಫೋಟೋ ತೆಗೆದು ಅವರ ಇಮೇಲ್‌ಗೂ ಹಾಕಿದೆ. (ಈಗ ರಿಜಿಸ್ಟರ್ಡ್ ಪೋಸ್ಟ್ ಅನ್ನು ಸ್ಪೀಡ್ ಪೋಸ್ಟ್‌ಗೆ ಸೇರಿಸಿದ್ದಾರೆ. ಅದರಲ್ಲಿ ಕಳಿಸಿದರಾಯಿತು, ರಸೀದಿ ಮಾತ್ರ ಕಳೆಯಬೇಡಿ.)

ಜನವರಿ 10ಕ್ಕೆ ಇಮೇಲ್‌ನಲ್ಲಿ ಉತ್ತರ ಬಂತು. ಹಣ ಕಳಿಸಿದ್ದರು, ಡಿಸೆಂಬರ್ 18ಕ್ಕೆ ವಾಪಸ್ ಬಂದಿತ್ತು. ಕಾರಣ: ಐಎಫ್‌ಎಸ್‌ಸಿ ಎಂಬ ಬ್ಯಾಂಕ್ ಶಾಖೆಯ ಕೋಡು ಚಾಲ್ತಿಯಲ್ಲಿಲ್ಲ.

ಕ್ಲೇಮ್ ಫಾರಂ ಜೊತೆ ಕೊಟ್ಟಿದ್ದ ಪಾಸ್‌ಬುಕ್ ಜೆರಾಕ್ಸನ್ನು ಹುಡುಕಿ ತೆಗೆದೆ. ತಪ್ಪು ನನ್ನದೇ. ಅಮ್ಮನ ಖಾತೆ ಮೊದಲು ಸಿಂಡಿಕೇಟ್ ಬ್ಯಾಂಕಿನದು. 2020ರ ಏಪ್ರಿಲ್ 1ಕ್ಕೆ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. SYNB ಎಂದು ಶುರುವಾಗುವ ಹಳೆಯ ಕೋಡುಗಳು 2021ರ ಜುಲೈ 1ರಿಂದ ನಿಂತುಹೋಗಿ, ಅವುಗಳ ಜಾಗದಲ್ಲಿ CNRB ಎಂದು ಶುರುವಾಗುವವು ಬಂದವು. ಅಮ್ಮನ ಟ್ರಂಕಿನಲ್ಲಿ ಹೊಸ ಪಾಸ್‌ಬುಕ್ ಒಳಗಡೆ, ಹಳೆಯದು ಮೇಲುಗಡೆ. ಕೈಗೆ ಸಿಕ್ಕ ಹಳೆಯದನ್ನೇ ಜೆರಾಕ್ಸ್ ಮಾಡಿಸಿಬಿಟ್ಟಿದ್ದೆ. ಡೇರಿ ದುಡ್ಡು ಮಾತ್ರ ಪ್ರತಿ ಸಲ ತಪ್ಪದೆ ಬರುತ್ತಿದ್ದದ್ದರಿಂದ ಖಾತೆಯ ಮೇಲೆ ಅನುಮಾನವೇ ಬಂದಿರಲಿಲ್ಲ. ಡೇರಿಯವರು ತಮ್ಮ ಕಡೆ ಕೋಡು ಬದಲಿಸಿಕೊಂಡು ಎಷ್ಟೋ ಕಾಲವಾಗಿತ್ತು.

ಆದರೂ ಡಿಸೆಂಬರ್ 18ರಿಂದ ಜನವರಿ 10ರವರೆಗೆ, 23 ದಿನ, ಹಣ ವಾಪಸ್ ಬಂದ ವಿಷಯ ಅವರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಫೋನಿನಲ್ಲಿ "ಪ್ರೋಸೆಸ್" ಎಂದವರು ಆ ಸಾಲನ್ನು ತೆರೆದೇ ನೋಡಿರಲಿಕ್ಕಿಲ್ಲ.

13ನೇ ತಾರೀಖು ಸೋಮವಾರ ಬ್ಯಾಂಕಿಗೆ ಹೋದೆವು. ವಿಮೆಯವರು ಕ್ಯಾನ್ಸಲ್ ಮಾಡಿದ ಚೆಕ್ ಕೇಳಿದ್ದರು, ಅಮ್ಮನಿಗೆ ಚೆಕ್‌ಬುಕ್ ಇಲ್ಲ. ಹೊಸ ಪಾಸ್‌ಬುಕ್‌ನ ಮೊದಲ ಪುಟದ ಜೆರಾಕ್ಸ್ ಮೇಲೆ ಮ್ಯಾನೇಜರ್ ಸಹಿ, ಮೊಹರು ಹಾಕಿಸಿಕೊಂಡೆವು. ಅದನ್ನೇ ಒಪ್ಪಿದರು. ಜೊತೆಗೆ ನಾಲ್ಕು ಸಾಲಿನ ಎರಡನೇ ಕಾಗದ: ಹಳೆಯ ಕೋಡು ಇದು, ಸರಿಯಾದ ಕೋಡು ಇದು, ಖಾತೆ ಸಂಖ್ಯೆ ಇದು, ಮರುಪಾವತಿಯ ದಿನಾಂಕ ತಿಳಿಸಿ. ಕೋಡನ್ನು ಕೈಬರಹದಲ್ಲಿ ಬರೆಯುವಾಗ ಒಂದು ಎಚ್ಚರಿಕೆ. ಅದರಲ್ಲಿ ಒಟ್ಟು 11 ಅಕ್ಷರ-ಅಂಕಿ ಇರುತ್ತವೆ, ಐದನೆಯದು ಯಾವಾಗಲೂ ಸೊನ್ನೆ. ಅದನ್ನು ಇಂಗ್ಲಿಷಿನ O ಎಂದು ಟೈಪ್ ಮಾಡಿದರೆ ಹಣ ಮತ್ತೆ ವಾಪಸ್. ನಾನು ಪಕ್ಕದಲ್ಲಿ "ಐದನೆಯದು ಸೊನ್ನೆ" ಎಂದು ಬರೆದೇಬಿಟ್ಟೆ. ಅತಿಯಾಯಿತೇನೋ, ಇರಲಿ.

ಮಾರನೆಯ ದಿನ ಸಂಕ್ರಾಂತಿ. ಇದ್ದ ಒಂದು ಹಸುವಿಗೆ ಮೈತೊಳೆದು ಕೊಂಬಿಗೆ ಬಣ್ಣ ಹಚ್ಚಿದೆವು, ಪಕ್ಕದ ಗೂಟ ಖಾಲಿ. ಜನವರಿ 22ಕ್ಕೆ ಅಮ್ಮನ ಖಾತೆಗೆ 60,000 ಜಮೆಯಾಯಿತು.

ತಡವಾದರೆ ಬ್ಯಾಂಕ್ ದರದ ಮೇಲೆ ಶೇಕಡಾ 2 ಸೇರಿಸಿ ವಿಮಾ ಕಂಪನಿ ಬಡ್ಡಿ ಕೊಡಬೇಕೆಂಬ ನಿಯಮವಿದೆ. ಕೇಳಬೇಕಿತ್ತು ಎಂದು ಕೆಲವರು ಬೈದರು. ನಾನು ಕೇಳಲಿಲ್ಲ. ಕೋಡು ತಪ್ಪು ಕೊಟ್ಟವನು ನಾನು, ಆ ಚರ್ಚೆಗೆ ಇಳಿದರೆ ಅಸಲೂ ಇನ್ನೊಂದು ತಿಂಗಳು ನಿಲ್ಲುತ್ತಿತ್ತು. ಕಾಗದವೆಲ್ಲ ಸರಿಯಿದ್ದೂ ತಡಮಾಡಿದರೆ ಖಂಡಿತ ಕೇಳಬೇಕು, ಆದರೆ ಮೊದಲ ಕಾಗದದಲ್ಲಿ ಬೇಡ. ಏಳು ದಿನಕ್ಕೆ ಉತ್ತರ ಬಾರದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯುವಾಗ ಸೇರಿಸಬೇಕು ಎಂದುಕೊಂಡಿದ್ದೆ. ದೂರನ್ನು ಅವರು 14 ದಿನದಲ್ಲಿ ಬಗೆಹರಿಸಬೇಕು. ಅಲ್ಲೂ ಆಗದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್ ಇದೆ, 155255ಕ್ಕೆ ಫೋನ್ ಮಾಡಿಯೂ ದೂರು ಬರೆಸಬಹುದು. ಆಮೇಲೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್, ಅಲ್ಲಿ ಶುಲ್ಕವಿಲ್ಲ. ಆದರೆ ಕಂಪನಿಗೆ ಬರಹದಲ್ಲಿ ಕೇಳಿ ಒಂದು ತಿಂಗಳು ಕಾದಿರಬೇಕು. ಮೊಹರು ಬಿದ್ದ ಆ ಪ್ರತಿ ಅಲ್ಲಿ ಕೆಲಸಕ್ಕೆ ಬರುತ್ತದೆ.

ನಮ್ಮ ಬೀದಿಯ ಒಬ್ಬರು ಇದೇ ಕಾಗದವನ್ನು ಬರೆದುಕೊಡು ಎಂದು ಬಂದರು. ಮೆಸೇಜ್ ನೋಡಿದರೆ, ಅವರದು ಸರ್ವೆ ವರದಿ ಸಲ್ಲಿಕೆಯಾಗಿದೆ ಎಂದಷ್ಟೇ ಇತ್ತು. ಮೊತ್ತವೂ ಇಲ್ಲ, ವೋಚರೂ ಬಂದಿಲ್ಲ. ಏಜೆಂಟ್ "ಪಾಸಾಗಿದೆ" ಎಂದಿದ್ದ, ಇವರು ನಂಬಿದ್ದರು. ಅವರಿಗೆ ಪಾವತಿಯ ದಿನಾಂಕ ಕೇಳುವ ಕಾಗದ ಬರೆಯಲಿಲ್ಲ. "ನನ್ನ ಕ್ಲೇಮಿನ ಮೇಲೆ ತೀರ್ಮಾನವಾಗಿದೆಯೇ, ಆಗಿದ್ದರೆ ಎಷ್ಟಕ್ಕೆ?" ಎಂಬ ಒಂದು ಸಾಲನ್ನಷ್ಟೇ ಬರೆದುಕೊಟ್ಟೆ.

ಅಮ್ಮ ಯುಗಾದಿಗೆ ಮುಂಚೆ ಇನ್ನೊಂದು ಹಸು ತಂದರು. ವಿಮೆ ಫಾರಂ ತುಂಬುವಾಗ ಟ್ರಂಕಿನಿಂದ ಪಾಸ್‌ಬುಕ್ ತೆಗೆದುಕೊಟ್ಟವರು, "ಇದೇನಾ, ಅದೇನಾ?" ಎಂದು ಎರಡನ್ನೂ ಎತ್ತಿ ಹಿಡಿದರು. ಹಳೆಯದರ ರಟ್ಟಿನ ಮೇಲೆ ಪೆನ್ನಿನಲ್ಲಿ ದೊಡ್ಡದಾಗಿ ಅಡ್ಡಗೆರೆ ಎಳೆದು ವಾಪಸ್ ಕೊಟ್ಟೆ. ಬಿಸಾಡಲು ಅವರು ಒಪ್ಪಲಿಲ್ಲ.