50 ಅಂಕ, 75 ಹಾಜರಿ: ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಎರಡನೇ ವರ್ಷವೂ ಕೈಗೆ ಬರಬೇಕಾದರೆ

ದ್ವಿತೀಯ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು ಕೇಂದ್ರ ಸರ್ಕಾರದ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್‌ಗೆ ಆಯ್ಕೆಯಾದವರಿಗೆ ಡಿಗ್ರಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರಕ್ಕೆ ಹೋದರೆ ವರ್ಷಕ್ಕೆ 20,000 ರೂಪಾಯಿ ಬರುತ್ತದೆ. ಒಮ್ಮೆ ಆಯ್ಕೆಯಾದರೆ ಹಣ ತಾನಾಗಿಯೇ ಬರುತ್ತಾ ಹೋಗುತ್ತದೆ ಎಂದು ಬಹಳ ಮನೆಗಳಲ್ಲಿ ತಿಳಿದುಕೊಂಡಿದ್ದಾರೆ. ಹಾಗಿಲ್ಲ. ಪ್ರತಿ ವರ್ಷ ನವೀಕರಣಕ್ಕೆ ಅರ್ಜಿ ಹಾಕಬೇಕು. ಹಿಂದಿನ ವರ್ಷದ ಪರೀಕ್ಷೆಯಲ್ಲಿ ಕನಿಷ್ಠ ಶೇ 50 ಅಂಕ, ತರಗತಿಯಲ್ಲಿ ಕನಿಷ್ಠ ಶೇ 75 ಹಾಜರಿ ಇರಬೇಕು. ರ‍್ಯಾಗಿಂಗ್‌ನಂಥ ಅಶಿಸ್ತಿನ ದೂರು ಇದ್ದರೂ ಸ್ಕಾಲರ್‌ಶಿಪ್ ಕೈತಪ್ಪುತ್ತದೆ.

ಪಿಯುಸಿಯಲ್ಲಿ ಶೇ 90ರ ಮೇಲೆ ತೆಗೆದವರಿಗೆ ಶೇ 50 ಏನು ಮಹಾ ಅನಿಸಬಹುದು. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಬಿಎಸ್ಸಿಗೆ ಸೇರಿದವರು ಮೊದಲ ಸೆಮಿಸ್ಟರಿನಲ್ಲೇ ಮುಗ್ಗರಿಸುವುದುಂಟು. ಅದಕ್ಕೇ ಲೆಕ್ಕವನ್ನು ವರ್ಷದ ಕೊನೆಗೆ ಹಾಕದೆ ಮೊದಲ ಸೆಮಿಸ್ಟರ್ ಫಲಿತಾಂಶ ಬಂದ ದಿನವೇ ಹಾಕಬೇಕು.

ಅಂಕದ ಲೆಕ್ಕ

ಒಂದು ಉದಾಹರಣೆ ಹಿಡಿಯೋಣ. ಕುಂದಗೋಳ ಕಡೆಯ ಹಳ್ಳಿಯಿಂದ ಹುಬ್ಬಳ್ಳಿಗೆ ಬಂದು ಬಿಎಸ್ಸಿ ಓದುವ ಹುಡುಗಿ. ಸೆಮಿಸ್ಟರಿಗೆ ಒಟ್ಟು 700 ಅಂಕ ಎಂದಿಟ್ಟುಕೊಳ್ಳಿ. (ನಿಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ಬೇರೆ ಇದ್ದರೆ ಆ ಅಂಕಿಯನ್ನೇ ಹಾಕಿಕೊಳ್ಳಿ.) ಮೊದಲ ಸೆಮಿಸ್ಟರಿನಲ್ಲಿ ಅವಳಿಗೆ 338 ಬಂದಿದೆ, ಅಂದರೆ ಶೇ 48.3. ಇಲ್ಲಿಗೇ ಹೋಯಿತು ಎಂದು ಕೈಚೆಲ್ಲಬೇಕಿಲ್ಲ, ನವೀಕರಣಕ್ಕೆ ನೋಡುವುದು ಇಡೀ ವರ್ಷದ ಅಂಕ. ಎರಡು ಸೆಮಿಸ್ಟರ್ ಸೇರಿ 1,400, ಅದರರ್ಧ 700. ಆ 700ರಲ್ಲಿ ಬಂದಿರುವ 338 ಕಳೆದರೆ 362 ಉಳಿಯಿತು. ಎರಡನೇ ಸೆಮಿಸ್ಟರಿನಲ್ಲಿ ಅವಳು ಮುಟ್ಟಬೇಕಾದ ಗುರಿ ಅಷ್ಟೇ. ಅವಳು 368 ತೆಗೆದರೆ ಒಟ್ಟು 706 ಆಗುತ್ತದೆ, ಅಂದರೆ ಶೇ 50.4. ದಾಟಿದಳು.

ಎರಡು ಕಡೆ ಜನ ತಪ್ಪುತ್ತಾರೆ. ಮೊದಲನೆಯದು, ಎಸ್‌ಜಿಪಿಎಯನ್ನು ಹತ್ತರಿಂದ ಗುಣಿಸಿ ಅದೇ ಶೇಕಡಾವಾರು ಎಂದು ಬರೆಯುವುದು. ಮಾರ್ಕ್ಸ್ ಕಾರ್ಡಿನಲ್ಲಿ ಅಂಕಗಳೇ ಇರುವಾಗ ಎರಡೂ ಸೆಮಿಸ್ಟರಿನಲ್ಲಿ ಪಡೆದ ಅಂಕ ಕೂಡಿ, ಅದನ್ನು ಎರಡರ ಒಟ್ಟು ಅಂಕದಿಂದ ಭಾಗಿಸಿ, ನೂರರಿಂದ ಗುಣಿಸಿ. ಎರಡನೆಯದು, 49.6ನ್ನು 50 ಎಂದು ಬರೆಯುವುದು. ಪರಿಶೀಲಿಸುವವರ ಕಣ್ಣೆದುರು ಮಾರ್ಕ್ಸ್ ಕಾರ್ಡ್ ಇರುತ್ತದೆ, ಹೊಂದಿಕೆಯಾಗದ ಅಂಕಿ ಕಂಡರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಹಾಜರಿಯ ಲೆಕ್ಕ

ನಮ್ಮ ಕಡೆಯ ಹಳ್ಳಿ ಮಕ್ಕಳು ಅಂಕಕ್ಕಿಂತ ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿ. ಕಾಲೇಜಿನಲ್ಲಿ ಹಾಜರಿ ಎಣಿಸುವುದು ದಿನದ ಮೇಲಲ್ಲ, ತಾಸಿನ ಮೇಲೆ. ಬಸ್ ತಡವಾಗಿ ಮೊದಲ ತಾಸು ತಪ್ಪಿದರೆ ಮನೆಯವರ ಲೆಕ್ಕದಲ್ಲಿ ಮಗಳು ಕಾಲೇಜಿಗೆ ಹೋಗಿದ್ದಾಳೆ. ರಜಿಸ್ಟರಿನಲ್ಲಿ ಆ ತಾಸಿಗೆ ಗೈರು ಬಿದ್ದಿರುತ್ತದೆ.

ಅದೇ ಹುಡುಗಿಯನ್ನು ನೋಡಿ. ಮೊದಲ ಸೆಮಿಸ್ಟರಿನಲ್ಲಿ ನಡೆದದ್ದು 420 ತಾಸು, ಅವಳು ಕೂತದ್ದು 350. ಎರಡನೆಯದರಲ್ಲಿ 410 ತಾಸು ನಡೆಯುತ್ತವೆ ಎನ್ನಿ. ವರ್ಷಕ್ಕೆ 830 ಆಯಿತು, ಅದರ ಮುಕ್ಕಾಲು ಪಾಲು 622 ಅರೆ, ಅಂದರೆ 623 ತಾಸು ಬೇಕು. 350 ಕಳೆದರೆ ಇನ್ನು 273 ತಾಸು ಕೂರಲೇಬೇಕು. ಎರಡನೇ ಸೆಮಿಸ್ಟರಿನಲ್ಲಿ ಅವಳು ತಪ್ಪಿಸಬಹುದಾದದ್ದು 137 ತಾಸು.

137 ಬಹಳ ಅನಿಸುತ್ತದೆ. ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಿ ಮೂರು ವಾರ ಹೊಲದಲ್ಲಿ ಉಳಿದರೆ ವಾರಕ್ಕೆ 25 ತಾಸಿನಂತೆ 75 ಹೋಯಿತು, ಉಳಿದದ್ದು 62. ಮಿಕ್ಕ 13 ವಾರ ಬಸ್ಸಿನಿಂದಾಗಿ ವಾರಕ್ಕೆ ನಾಲ್ಕು ದಿನ ಮೊದಲ ತಾಸು ತಪ್ಪಿದರೆ 52 ಹೋಯಿತು, ಉಳಿದದ್ದು ಬರೀ 10. ದಿನಕ್ಕೆ ಐದು ತಾಸಿನಂತೆ ಎರಡು ದಿನದ ಜ್ವರಕ್ಕೆ ಅದೂ ಮುಗಿಯಿತು. ಮೇ ತಿಂಗಳಲ್ಲಿ ಅಕ್ಕನ ಮದುವೆಗೆಂದು ಒಂದು ದಿನ ಉಳಿದರೂ ಶೇ 75ರ ಕೆಳಗೆ ಇಳಿಯುತ್ತಾಳೆ. ಈ ಲೆಕ್ಕದಲ್ಲಿ ಹೊಲದ ಕೆಲಸ ಬಿಟ್ಟರೆ ದೊಡ್ಡ ಪೆಟ್ಟು ಕೊಟ್ಟದ್ದು ಬಸ್ಸು ಎನ್ನುವುದನ್ನು ಗಮನಿಸಿ. ಒಂದು ಬಸ್ ಮುಂಚೆ ಹೊರಟಿದ್ದರೆ 52 ತಾಸು ಉಳಿಯುತ್ತಿತ್ತು.

ತಿಂಗಳಿಗೊಮ್ಮೆ ನಿಮ್ಮ ಹಾಜರಿ ಎಷ್ಟಿದೆ ಎಂದು ವಿಷಯವಾರು ಕೇಳಿ ಬರೆದಿಟ್ಟುಕೊಳ್ಳಿ. ಎನ್‌ಎಸ್‌ಎಸ್ ಶಿಬಿರ, ಕ್ರೀಡಾಕೂಟಕ್ಕೆ ಕಾಲೇಜೇ ಕಳಿಸಿದ್ದರೆ ಆ ಪತ್ರವನ್ನು ಅದೇ ವಾರ ಆಯಾ ಅಧ್ಯಾಪಕರಿಗೆ ತೋರಿಸಿ ರಜಿಸ್ಟರಿನಲ್ಲಿ ಬರೆಸಿ. ಸೆಮಿಸ್ಟರ್ ಮುಗಿದ ಮೇಲೆ ತಿದ್ದಿಸುವುದು ಕಷ್ಟ. ವೈದ್ಯರ ಪ್ರಮಾಣಪತ್ರ ಕೊಟ್ಟು ಪರೀಕ್ಷೆಗೆ ಕೂರಲು ಅನುಮತಿ ಸಿಕ್ಕಿತು ಎಂದಮಾತ್ರಕ್ಕೆ ಸ್ಕಾಲರ್‌ಶಿಪ್ಪಿನ ಷರತ್ತೂ ಪೂರೈಸಿತು ಎಂದುಕೊಳ್ಳಬೇಡಿ. ಇವೆರಡೂ ಬೇರೆ ಬೇರೆ. ಕಾಲೇಜಿನ ಸ್ಕಾಲರ್‌ಶಿಪ್ ನೋಡಲ್ ಅಧಿಕಾರಿಯನ್ನು ಮೊದಲೇ ಕೇಳಿ.

ಅರ್ಜಿ ಹಾಕುವಾಗ

scholarships.gov.in ತೆರೆದು ಹಳೆಯ ವಿವರದಿಂದಲೇ ಒಳಗೆ ಹೋಗಿ Renewal ಆರಿಸಿ. Fresh ಒತ್ತಿ ಹೊಸ ಅರ್ಜಿ ಹಾಕಿದರೆ ಒಬ್ಬರದೇ ಎರಡು ಅರ್ಜಿ ಎಂದು ತಿರಸ್ಕಾರವಾಗುತ್ತದೆ. ಸೈಬರ್ ಸೆಂಟರಿನಲ್ಲಿ ಅವಸರಕ್ಕೆ ಆಗುವ ತಪ್ಪು ಇದೇ, ಪಕ್ಕದಲ್ಲೇ ಕೂತು ನೋಡಿ. ಹಿಂದಿನ ವರ್ಷದ ಶೇಕಡಾವಾರು ತುಂಬಿ, ಎರಡೂ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಜೋಡಿಸಿಕೊಂಡು, ಪ್ರಿಂಟನ್ನು ಕಾಲೇಜಿಗೆ ಕೊಡಿ. ಮೊದಲು ಕಾಲೇಜು ಪರಿಶೀಲಿಸುತ್ತದೆ, ಆಮೇಲೆ ರಾಜ್ಯಮಟ್ಟದಲ್ಲಿ ಇನ್ನೊಂದು ಪರಿಶೀಲನೆ ಆಗುತ್ತದೆ. ಕಾಲೇಜಿನ ಹಂತ ದಾಟದ ಅರ್ಜಿ ಮುಂದೆ ಹೋಗುವುದಿಲ್ಲ.

ಅರ್ಜಿ ‘ಡಿಫೆಕ್ಟ್’ ಆಗಿದೆ ಎಂದು ಕಂಡರೆ ಹೆದರಬೇಡಿ. ಅದು ತಿರಸ್ಕಾರವಲ್ಲ, ತಿದ್ದಿ ಕೊಡಿ ಎಂದು ವಾಪಸ್ ಕಳಿಸಿದ್ದು. ಆದರೆ ತಿದ್ದಲು ಗಡುವು ಇರುತ್ತದೆ, ವಾರಕ್ಕೊಮ್ಮೆ ತೆರೆದು ನೋಡದವರು ಅದನ್ನು ಕಳೆದುಕೊಳ್ಳುತ್ತಾರೆ.

ಕಡಿಮೆ ಬಿದ್ದರೆ

ಅಂಕ ಸ್ವಲ್ಪದರಲ್ಲೇ ತಪ್ಪಿದ್ದರೆ ಮೊದಲು ಮರುಮೌಲ್ಯಮಾಪನ. ವಿಶ್ವವಿದ್ಯಾಲಯ ಕೊಟ್ಟ ದಿನಗಳೊಳಗೆ ಶುಲ್ಕ ಕಟ್ಟಿ ಅರ್ಜಿ ಹಾಕಿ, ಹಾಕಿದ್ದೇನೆ ಎಂದು ನೋಡಲ್ ಅಧಿಕಾರಿಗೂ ತಿಳಿಸಿ. ಅಷ್ಟರಲ್ಲಿ ನವೀಕರಣದ ಅರ್ಜಿ ಹೋಗಿದ್ದರೆ, ಹೊಸ ಅಂಕ ಬಂದ ಮೇಲೆ ಅದನ್ನು ಡಿಫೆಕ್ಟ್ ಮಾಡಿ ವಾಪಸ್ ಕಳಿಸಲು ಅವರನ್ನೇ ಕೇಳಬೇಕು. ಕಾಲೇಜು ಮುಂದೆ ಕಳಿಸುವ ಮೊದಲೇ ಕೇಳಿದರೆ ಸುಲಭ.

ಹಾಜರಿ ಕಡಿಮೆ ಎಂದು ನಿಂತಿದ್ದರೆ ಯಾವ ವಿಷಯದಲ್ಲಿ, ಎಷ್ಟು ತಾಸು ಎಂದು ರಜಿಸ್ಟರ್ ತೆಗೆಸಿ ನೋಡಿ. ಬರೆಯುವಾಗ ತಪ್ಪಾಗಿದ್ದರೆ ತಿದ್ದಿಸಬಹುದು. ನಿಜವಾಗಿಯೂ ಕಡಿಮೆ ಇದ್ದರೆ ಆ ವರ್ಷದ 12,000 ಬರುವುದಿಲ್ಲ.

ಆಗ ಉಳಿಯುವ ದಾರಿ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್, ssp.postmatric.karnataka.gov.in. ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಪಡೆಯುವವರು ರಾಜ್ಯದ ಸ್ಕಾಲರ್‌ಶಿಪ್ ಅಥವಾ ಶುಲ್ಕ ಮರುಪಾವತಿಯನ್ನು ಜೊತೆಗೆ ಪಡೆಯುವಂತಿಲ್ಲ. ಹಾಗಾಗಿ ಬಹಳಷ್ಟು ಮಂದಿ ಇತ್ತ ತಲೆಯೇ ಹಾಕಿರುವುದಿಲ್ಲ. ಕೇಂದ್ರದ್ದು ತಿರಸ್ಕಾರವಾಯಿತು ಎಂದು ಗೊತ್ತಾಗುವ ಹೊತ್ತಿಗೆ ಎಸ್‌ಎಸ್‌ಪಿ ಗಡುವೂ ಮುಗಿದಿರುತ್ತದೆ. ವರ್ಷದ ಅಂಕ ಶೇ 50ಕ್ಕಿಂತ ಕಡಿಮೆ ಎಂದು ನಿಮ್ಮ ಲೆಕ್ಕದಲ್ಲೇ ಕಂಡರೆ, ಮರುಮೌಲ್ಯಮಾಪನದಿಂದಲೂ ದಾಟುವ ಆಸೆ ಇಲ್ಲದಿದ್ದರೆ, ಕೇಂದ್ರದ ಪೋರ್ಟಲ್ ಉತ್ತರಕ್ಕೆ ಕಾಯಬೇಡಿ. ನಾಡಕಚೇರಿಯ ಜಾತಿ–ಆದಾಯ ಪ್ರಮಾಣಪತ್ರದ ಅವಧಿ ಇದೆಯೇ ನೋಡಿಕೊಂಡು, ಅದರ ಆರ್‌ಡಿ ಸಂಖ್ಯೆಯೊಂದಿಗೆ ನಿಮ್ಮ ವರ್ಗಕ್ಕೆ ಇರುವ ಯೋಜನೆಗೆ ಗಡುವಿನೊಳಗೆ ಅರ್ಜಿ ಹಾಕಿ.