ಇ-ಇನ್‌ವಾಯ್ಸ್: 270 ರೂಪಾಯಿ ವ್ಯತ್ಯಾಸ ನನಗೆ ಕಲಿಸಿದ್ದು

"ಇದು ಎಕ್ಸೆಲ್‌ನಲ್ಲಿ ಆಗೋ ಕೆಲಸ ಅಲ್ಲ ಸರ್, ಸುಮ್ನೆ ತಲೆ ಕೆಡಿಸ್ಕೋಬೇಡಿ." ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವ ಹುಡುಗ 2023ರ ಜುಲೈನಲ್ಲಿ ನನಗೆ ಹೇಳಿದ್ದು ಇದು. ದಾವಣಗೆರೆಯಲ್ಲಿ ಪೈಪು, ಸ್ಯಾನಿಟರಿ ಸಾಮಾನಿನ ಹೋಲ್‌ಸೇಲ್ ಅಂಗಡಿಯೊಂದರ ಲೆಕ್ಕ ನಾನು ನೋಡುತ್ತೇನೆ. ವ್ಯಾಪಾರಿಗಳಿಗೆ ಮಾಡುವ ಬಿಲ್ಲನ್ನು ಸರ್ಕಾರದ ಪೋರ್ಟಲ್ಲಿನಲ್ಲಿ ದಾಖಲಿಸುವುದೇ ಇ-ಇನ್‌ವಾಯ್ಸ್, ಅದು ಕಡ್ಡಾಯವಾಗುವ ವಹಿವಾಟಿನ ಮಿತಿ ಆಗಸ್ಟ್ 1ರಿಂದ 5 ಕೋಟಿಗೆ ಇಳಿಯಲಿತ್ತು. ಹಳೆಯ ಪ್ಯಾಕೇಜಿಗೆ ಇ-ಇನ್‌ವಾಯ್ಸ್ ಜೋಡಿಸಲು ಆತ ಕೇಳಿದ್ದು ಸುಮಾರು 22 ಸಾವಿರ, ಆಮೇಲೆ ವರ್ಷಕ್ಕೆ ಆರೇಳು ಸಾವಿರ. ದಿನಕ್ಕೆ ಹದಿನೈದು ಇಪ್ಪತ್ತು ಬಿ2ಬಿ ಬಿಲ್ ಮಾಡುವ ಅಂಗಡಿಗೆ ಅಷ್ಟು ಖರ್ಚು ಬೇಡ ಅಂತ ನನಗನಿಸಿತು. ಇವತ್ತು ಅದೇ ಕೆಲಸ ಎಕ್ಸೆಲ್ಲು, ಒಂದು ಚಿಕ್ಕ ಪೈಥಾನ್ ಫೈಲು, ಪೋರ್ಟಲ್ಲಿನ ಬಲ್ಕ್ ಅಪ್‌ಲೋಡ್ ಇಷ್ಟರಲ್ಲೇ ನಡೆಯುತ್ತಿದೆ.

ಮೊದಲ ತಕರಾರು ಸಾಹುಕಾರರದೇ. "ಈ ಸಲ ನಮ್ದು ನಾಲ್ಕೂವರೆ ಕೋಟಿನೂ ದಾಟಿಲ್ಲ, ನಮಗ್ಯಾಕಪ್ಪ ಇದು?" ಅಂದರು. ನೋಡಬೇಕಾದದ್ದು ಈ ವರ್ಷದ್ದಲ್ಲ. 2017-18ರಿಂದ ಈಚೆಗೆ ಹಿಂದಿನ ಯಾವುದಾದರೂ ಒಂದು ವರ್ಷ, ಅದೂ ಪ್ಯಾನ್ ಲೆಕ್ಕದಲ್ಲಿ ಎಲ್ಲ ಬ್ರಾಂಚು ಸೇರಿಸಿ, ಮಿತಿ ದಾಟಿದ್ದರೆ ಸಾಕು. 2021-22ರಲ್ಲಿ ಇವರ ಹರಿಹರದ ಬ್ರಾಂಚೂ ಸೇರಿ ಐದು ಕೋಟಿ ಮೇಲೆ ಹೋಗಿತ್ತು. ಪೋರ್ಟಲ್ ಪ್ರತಿ ಬಿಲ್ಲಿಗೆ ಕೊಡುವ ಗುರುತಿನ ಸಂಖ್ಯೆ, ಅಂದರೆ ಐಆರ್‌ಎನ್, ಇಲ್ಲದ ಬಿಲ್ಲನ್ನು ಕಾನೂನು ಬಿಲ್ಲೇ ಅಲ್ಲ ಅನ್ನುತ್ತದೆ, ಕೊಂಡವರು ಕಟ್ಟಿದ ತೆರಿಗೆಯ ಕ್ರೆಡಿಟ್ ಕೇಳುತ್ತಾರೆ ಅಂದಮೇಲೆ ಒಪ್ಪಿದರು.

ಎಕ್ಸೆಲ್ಲಿನಿಂದ ಪೋರ್ಟಲ್ಲಿಗೆ ಹಾಕುವ ಜೇಸನ್ ಫೈಲ್ ಮಾಡುವುದು ನಿಮಗೆಲ್ಲ ಗೊತ್ತಿದ್ದದ್ದೇ, ಅದನ್ನು ಬಿಡುತ್ತೇನೆ. ನನ್ನ ಎರಡು ಭಾನುವಾರ ತಿಂದದ್ದು ಗಾಡಿ ಬಾಡಿಗೆ. ಚನ್ನಗಿರಿಯ ಗಿರಾಕಿಯೊಬ್ಬರ ಬಿಲ್ಲು: ಪಿವಿಸಿ ಪೈಪು 42,600, ಗಾಡಿ ಬಾಡಿಗೆ 1,500. ಹಳೆಯ ಪ್ಯಾಕೇಜು ಎರಡನ್ನೂ ಕೂಡಿಸಿ 44,100ಕ್ಕೆ ಶೇ. 18 ಹಾಕುತ್ತಿತ್ತು, ಅಂದರೆ ತೆರಿಗೆ 7,938, ಒಟ್ಟು 52,038. ತೆರಿಗೆ ಸರಿಯಾಗಿಯೇ ಇತ್ತು. ಅಪ್‌ಲೋಡ್ ಮಾಡಿದರೆ ಮಾತ್ರ ಒಟ್ಟು ಮೊತ್ತ ತಪ್ಪು ಅಂತ ವಾಪಸ್. ನಾನು ರೌಂಡ್ ಆಫ್ ಮೇಲೆ ಅನುಮಾನಪಟ್ಟು ಪೈಸೆಗಳ ಹಿಂದೆ ಬಿದ್ದೆ. ಕೊನೆಗೆ ಪೋರ್ಟಲ್ ಕೂಡಿಸುವ ಹಾಗೆಯೇ ನಾನೂ ಹಾಳೆಯ ಮೇಲೆ ಕೂಡಿಸಿದೆ. ಐಟಂ ಸಾಲಿನಲ್ಲಿದ್ದದ್ದು 42,600, ಅದರ ತೆರಿಗೆ 7,668. ಬಾಡಿಗೆಯನ್ನು ನಾನು ಕೆಳಗಿನ `OthChrg`ಗೆ ಹಾಕಿದ್ದೆ. ಎಲ್ಲ ಸೇರಿ 51,768. ವ್ಯತ್ಯಾಸ ಸರಿಯಾಗಿ 270. 1,500ಕ್ಕೆ ಶೇ. 18 ಅಂದರೆ 270! ಅದನ್ನು ನೋಡಿದ ಕೂಡಲೇ ಕುರ್ಚಿಯಿಂದ ಎದ್ದುಬಿಟ್ಟೆ.

`OthChrg` ಅನ್ನುವುದು ತೆರಿಗೆ ಮುಗಿದ ಮೇಲೆ ಸೇರುವ ಮೊತ್ತ. ಅದರ ಮೇಲಿನ ತೆರಿಗೆಗೆ ಯಾವ ಐಟಂ ಸಾಲಿನಲ್ಲೂ ಜಾಗ ಇಲ್ಲ, ಹಾಗಾಗಿ ಐಟಂಗಳ ತೆರಿಗೆಯ ಮೊತ್ತವೂ ಕೆಳಗಿನ ಮೊತ್ತವೂ ಎಂದೂ ಹೊಂದುವುದಿಲ್ಲ. ತೆರಿಗೆ ಬೀಳುವ ಬಾಡಿಗೆ ಐಟಂ ಪಟ್ಟಿಯೊಳಗೇ ಬರಬೇಕು. ಮಾಲನ್ನು ನಾವೇ ತಲುಪಿಸಿ ಬಾಡಿಗೆ ಹಾಕಿದ್ದಾದರೆ ಅದು ಮಾಲಿನ ಜೊತೆಯದ್ದೇ, ಆದ್ದರಿಂದ ಪೈಪಿನ ಎಚ್‌ಎಸ್‌ಎನ್ 391723ರಲ್ಲೇ ಇನ್ನೊಂದು ಸಾಲು ಮಾಡಿ 1,500 ಬರೆದೆ, ತೆರಿಗೆ ಕೇಂದ್ರದ್ದು 135, ರಾಜ್ಯದ್ದು 135. ಮರುಕ್ಷಣ ಐಆರ್‌ಎನ್ ಬಂತು. ಒಂದೇ ಬಿಲ್ಲಿನಲ್ಲಿ ಎರಡು ದರದ ಮಾಲಿದ್ದರೆ ಬಾಡಿಗೆಯನ್ನು ಮಾಲಿನ ಬೆಲೆಯ ಪ್ರಮಾಣಕ್ಕೆ ಹಂಚುತ್ತೇನೆ. ಪೈಸೆ ಉಳಿಯದ ಹಾಗೆ ಹಂಚುವ ಸೂತ್ರ ನನ್ನ ಶೀಟಿನಲ್ಲಿದೆ, ಅದು ನನ್ನಲ್ಲೇ ಇರಲಿ.

ಎರಡನೇ ಪೆಟ್ಟು ಕ್ಯೂಆರ್‌ನಲ್ಲಿ ಬಿತ್ತು. 64 ಅಕ್ಷರದ ಐಆರ್‌ಎನ್ ಬಂತಲ್ಲ, ಅದನ್ನೇ ಕ್ಯೂಆರ್ ಮಾಡಿ ಬಿಲ್ಲಿನ ಮೇಲೆ ಅಂಟಿಸಿದೆ. ನೋಡಲು ಚೆನ್ನಾಗಿಯೇ ಇತ್ತು. ಒಂದು ವಾರ, ಸುಮಾರು ತೊಂಬತ್ತು ಬಿಲ್ಲು ಹಾಗೇ ಹೋದವು. ಆಮೇಲೆ ಒಬ್ಬ ಗಿರಾಕಿಯ ಅಕೌಂಟೆಂಟು ಎನ್‌ಐಸಿಯ ವೆರಿಫೈಯರ್ ಆ್ಯಪಿನಲ್ಲಿ ಹಿಡಿದು ನೋಡಿ, "ಸರ್, ನಿಮ್ಮ ಕ್ಯೂಆರ್ ಓದೋದೇ ಇಲ್ಲ" ಅಂತ ಬಿಲ್ಲು ವಾಪಸ್ ಕಳಿಸಿದರು. ಕ್ಯೂಆರ್ ಆಗಬೇಕಾದದ್ದು ಐಆರ್‌ಎನ್ ಅಲ್ಲ, ಪೋರ್ಟಲ್ ತನ್ನ ಡಿಜಿಟಲ್ ಸಹಿ ಹಾಕಿ ಕೊಡುವ `SignedQRCode` ಅನ್ನುವ ಉದ್ದನೆಯ ಅಕ್ಷರಮಾಲೆ. ಮಾರುವವರ, ಕೊಳ್ಳುವವರ ಜಿಎಸ್‌ಟಿ ನಂಬರು, ಬಿಲ್ ನಂಬರು, ತಾರೀಖು, ಮೊತ್ತ, ಎಷ್ಟು ಐಟಂ, ಮುಖ್ಯ ಎಚ್‌ಎಸ್‌ಎನ್, ಐಆರ್‌ಎನ್ ಎಲ್ಲ ಅದರೊಳಗಿವೆ. ತೊಂಬತ್ತೂ ಬಿಲ್ಲನ್ನು ಮತ್ತೆ ಪ್ರಿಂಟ್ ಹೊಡೆದು ಕಳಿಸಲು ಕಾಗದ, ಕೊರಿಯರ್ ಸೇರಿ ಎರಡೂವರೆ ಸಾವಿರ ಹೋಯಿತು, ಅದನ್ನು ನಾನೇ ಕೊಟ್ಟೆ.

ಆ ಅಕ್ಷರಮಾಲೆ 800 ಅಕ್ಷರ ಮೀರುತ್ತದೆ, ಹಾಗಾಗಿ ಕ್ಯೂಆರ್ ತುಂಬಾ ದಟ್ಟ. ಕಲೆಯಾದರೂ ಓದಲಿ ಅಂತ ಎರರ್ ಕರೆಕ್ಷನ್ ಅತಿ ಹೆಚ್ಚಿಗೆ ಇಟ್ಟೆ. ಚುಕ್ಕಿಗಳು ಇನ್ನೂ ಚಿಕ್ಕದಾಗಿ, ಅಂಗಡಿಯ ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಮಸಿ ಹರಡಿಕೊಂಡ ಕಪ್ಪು ಚೌಕವಾಯಿತು. ಅತಿ ಕಡಿಮೆಗೆ ಇಳಿಸಿದ ಮೇಲೆ ಸರಿಹೋಯಿತು. ಕೆಳಗಿನ `signed_qr` ಅಂದರೆ ಪೋರ್ಟಲ್ ಕೊಟ್ಟ ಆ ಅಕ್ಷರಮಾಲೆ, ಅದನ್ನು ಮೊದಲೇ ಓದಿಟ್ಟುಕೊಂಡಿರಬೇಕು:

```python
import qrcode
from qrcode.constants import ERROR_CORRECT_L

q = qrcode.QRCode(error_correction=ERROR_CORRECT_L,
                  box_size=4, border=4)
q.add_data(signed_qr)
q.make(fit=True)
q.make_image().save("qr.png")
```

ಇದನ್ನು ಲೇಸರ್ ಪ್ರಿಂಟರಿನಲ್ಲಿ ಸುಮಾರು ಐದು ಸೆಂಟಿಮೀಟರ್ ಅಗಲ ಹೊಡೆಯುತ್ತೇನೆ. ಮೂರಕ್ಕೆ ಇಳಿಸಿ ನೋಡಿದೆ, ಹಳೆಯ ಫೋನುಗಳು ಓದಲಿಲ್ಲ. ಸೆಕೆಂಡ್ ಹ್ಯಾಂಡ್ ಲೇಸರ್ ಪ್ರಿಂಟರಿಗೆ ಏಳು ಸಾವಿರದ ಹತ್ತಿರ ಕೊಟ್ಟೆವು, ಈ ಕೆಲಸಕ್ಕೆ ಸಾಹುಕಾರರು ಮಾಡಿದ ದೊಡ್ಡ ಖರ್ಚು ಅದೊಂದೇ.

ಇನ್ನೊಂದು ಘಟನೆ. ಒಂದು ಸಂಜೆ ಫೈಲ್ ಅಪ್‌ಲೋಡ್ ಆಗುತ್ತಿರುವಾಗಲೇ ಕರೆಂಟು ಹೋಯಿತು. ಬಂದ ಮೇಲೆ ಅಂಗಡಿಯ ಹುಡುಗ ಮತ್ತೆ ಹಾಕಿದ, ಒಂದು ಬಿಲ್ಲಿಗೆ ಎರರ್ 2150, ಡೂಪ್ಲಿಕೇಟ್ ಐಆರ್‌ಎನ್ ಅಂತ ಬಂತು. ನಂಬರಿನದೇ ತೊಂದರೆ ಅಂದುಕೊಂಡು ಬಿಲ್ ನಂಬರ್ ಬದಲಿಸಿ ಹಾಕಿಬಿಟ್ಟ. ಒಂದೇ ಲೋಡಿಗೆ ಎರಡು ಐಆರ್‌ಎನ್, ಎರಡೂ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ಕ್ಕೆ ತಾವೇ ಹೋಗಿ ಕೂರುತ್ತವೆ. ಪುಣ್ಯಕ್ಕೆ ಮಾರನೇ ಬೆಳಿಗ್ಗೆಯೇ ನನ್ನ ಕಣ್ಣಿಗೆ ಬಿತ್ತು. ಇ-ವೇ ಬಿಲ್ಲೂ ಆಗಿರಲಿಲ್ಲ, 24 ಗಂಟೆಯೊಳಗೇ ಎರಡನೆಯದನ್ನು ರದ್ದು ಮಾಡಿದೆ. ಆ ಗಡುವು ದಾಟಿದರೆ ಪೋರ್ಟಲ್ಲಿನಲ್ಲಿ ರದ್ದು ಮಾಡಲಾಗುವುದಿಲ್ಲ, ಕ್ರೆಡಿಟ್ ನೋಟೇ ಗತಿ, ಅದಕ್ಕೂ ಇನ್ನೊಂದು ಐಆರ್‌ಎನ್ ಬೇಕು. ರದ್ದಾದ ನಂಬರನ್ನು ಮತ್ತೆ ಬಳಸುವಂತೆಯೂ ಇಲ್ಲ. 2150 ಬಂತೆಂದರೆ ಐಆರ್‌ಎನ್ ಆಗಲೇ ಹುಟ್ಟಿದೆ ಅಂತ ಅರ್ಥ. ನಂಬರ್ ಮುಟ್ಟದೆ ಹಳೆಯದನ್ನು ಪೋರ್ಟಲ್ಲಿನಲ್ಲಿ ಹುಡುಕಿ ತೆಗೆಯಬೇಕು.

ಈ ಘಟನೆ ಆದಮೇಲೆ ಒಂದು ಪ್ರಯೋಗಕ್ಕೆ ಇಳಿದೆ. ಐಆರ್‌ಎನ್ ಅಂದರೆ ಮಾರುವವರ ಜಿಎಸ್‌ಟಿ ನಂಬರು, ಹಣಕಾಸು ವರ್ಷ, ದಾಖಲೆಯ ಬಗೆ, ಬಿಲ್ ನಂಬರು, ಈ ನಾಲ್ಕನ್ನು ಜೋಡಿಸಿ ತೆಗೆದ ಎಸ್‌ಎಚ್‌ಎ-256 ಹ್ಯಾಶ್ ಅಷ್ಟೇ. ಗಿರಾಕಿಯ ಹೆಸರಾಗಲಿ ಮೊತ್ತವಾಗಲಿ ಅದರಲ್ಲಿಲ್ಲ. ಹಾಗಿದ್ದ ಮೇಲೆ ಅಪ್‌ಲೋಡ್‌ಗೂ ಮುಂಚೆಯೇ ಅದನ್ನು ಲೆಕ್ಕ ಹಾಕಬಹುದಲ್ಲ ಅಂತ ನಾಲ್ಕೈದು ಕ್ರಮದಲ್ಲಿ ಜೋಡಿಸಿ ನೋಡಿದೆ, ಒಂದು ಕ್ರಮ 64 ಅಕ್ಷರವೂ ತಪ್ಪದೆ ಹೊಂದಿತು. ಈಗ ಬಿಲ್ ಬರೆದ ಕೂಡಲೇ ಅದರ ಐಆರ್‌ಎನ್ ನನ್ನ ಶೀಟಿನಲ್ಲಿ ಬೂದು ಬಣ್ಣದಲ್ಲಿ ಕೂತಿರುತ್ತದೆ. ಪೋರ್ಟಲ್ಲಿನಿಂದ ಬಂದದ್ದು ಹೊಂದಿದರೆ ಹಸಿರಾಗುತ್ತದೆ. ಸಂಜೆ ಬೂದು ಉಳಿದ ಸಾಲುಗಳನ್ನಷ್ಟೇ ಹುಡುಗ ಹುಡುಕುತ್ತಾನೆ. ಯಾವ ಕ್ರಮ ಅಂತ ಮಾತ್ರ ಬರೆಯುವುದಿಲ್ಲ. ನಿಮ್ಮದೇ ಹಳೆಯ ಬಿಲ್ಲೊಂದನ್ನು ಇಟ್ಟುಕೊಂಡು ಕೂತರೆ ಅರ್ಧ ಗಂಟೆಯಲ್ಲಿ ಸಿಗುತ್ತದೆ.